ಐದು ವಿಭಾಗ, ತಲಾ ಇಪ್ಪತ್ತು ಜನ: ಒಂದು ಲೇಖನಕ್ಕೆ ಸಂಪಾದಕರ ಉತ್ತರ

“ಕಾಲೇಜಿನ ತೃಪ್ತಿ ಸಮೀಕ್ಷೆಗೆ ಎಲ್ಲರ ಹೆಸರುಗಳಿಂದ ಒಟ್ಟಿಗೆ ಚೀಟಿ ಎತ್ತುವ ಸರಳ ಯಾದೃಚ್ಛಿಕ ಮಾದರಿಗಿಂತ ಪ್ರತಿ ವಿಭಾಗದಿಂದ ಬೇರೆ ಬೇರೆಯಾಗಿ ಆರಿಸುವ ಸ್ತರೀಕೃತ ಮಾದರಿಯೇ ಯಾವಾಗಲೂ ಮೇಲು ಎಂದು ಗದಗಿನ ನಮ್ಮ ಕಾಲೇಜಿನ ಉದಾಹರಣೆಯಿಂದ ತೋರಿಸಿದ್ದೇನೆ. ಐದು ವಿಭಾಗಗಳಿಂದ ತಲಾ 20 ವಿದ್ಯಾರ್ಥಿಗಳನ್ನು ಕೇಳಿದೆವು. ನೂರರಲ್ಲಿ 70 ಜನ ತೃಪ್ತರು. ಇದು ನನ್ನ ಮೊದಲ ಲೇಖನ. ಪ್ರಕಟಣೆಗೆ ಯೋಗ್ಯವೇ ಎಂದು ನಿರ್ದಾಕ್ಷಿಣ್ಯವಾಗಿ ತಿಳಿಸಬೇಕು.”

ಮಾನ್ಯರೇ,

ಈಗಿರುವ ರೂಪದಲ್ಲಿ ಲೇಖನವನ್ನು ಪ್ರಕಟಿಸಲಾಗದು. ಭಾಷೆ ಸ್ವಚ್ಛವಾಗಿದೆ, ವಿಷಯದ ಆಯ್ಕೆಯೂ ಸರಿಯಾಗಿದೆ; ಆದರೆ ಶೀರ್ಷಿಕೆಯ ಕೆಳಗೆ ದಪ್ಪಕ್ಷರದಲ್ಲಿ ಕೊಟ್ಟಿರುವ ಶೇ. 70 ಎಂಬ ಅಂಕಿಯೇ ತಪ್ಪು. ಅದನ್ನು ತಪ್ಪೆಂದು ತೋರಿಸಲು ಬೇಕಾದ ಮಾಹಿತಿಯೆಲ್ಲ ನಿಮ್ಮ ಲೇಖನದ ಎರಡನೆಯ ಪುಟದ ಕೋಷ್ಟಕದಲ್ಲಿಯೇ ಇರುವುದರಿಂದ, ಓದುಗರಲ್ಲಿ ಯಾರಾದರೊಬ್ಬರು ಪೆನ್ಸಿಲ್ ಹಿಡಿದು ಕುಳಿತರೆ ನಿಮಗೂ ನಮಗೂ ಉತ್ತರ ಕೊಡಲಾಗುವುದಿಲ್ಲ.

ಆ ಕೋಷ್ಟಕದ ಪ್ರಕಾರ ಕಾಲೇಜಿನಲ್ಲಿ 2000 ವಿದ್ಯಾರ್ಥಿಗಳಿದ್ದಾರೆ: ವಾಣಿಜ್ಯದಲ್ಲಿ 1200, ಕಲಾ ವಿಭಾಗದಲ್ಲಿ 500, ವಿಜ್ಞಾನದಲ್ಲಿ 200, ಬಿಸಿಎದಲ್ಲಿ 60, ಸಮಾಜಕಾರ್ಯದಲ್ಲಿ 40. ಪ್ರತಿ ವಿಭಾಗದ ಇಪ್ಪತ್ತು ಜನರಲ್ಲಿ ತೃಪ್ತರೆಂದು ಹೇಳಿದವರು ಇದೇ ಕ್ರಮದಲ್ಲಿ 9, 13, 14, 16 ಮತ್ತು 18. ನೀವು ಇವನ್ನು ಕೂಡಿಸಿ 70 ಎಂದು ಬರೆದಿರಿ. ವಾಣಿಜ್ಯದಿಂದ ಆಯ್ದ ಒಬ್ಬ ವಿದ್ಯಾರ್ಥಿ ತನ್ನ ವಿಭಾಗದ 60 ಜನರ ಪರವಾಗಿ ಮಾತನಾಡುತ್ತಾನೆ, ಸಮಾಜಕಾರ್ಯದಿಂದ ಆಯ್ದವಳು ಇಬ್ಬರ ಪರವಾಗಿ ಮಾತ್ರ. ಇಬ್ಬರ ಉತ್ತರವನ್ನೂ ಒಂದೊಂದೆಂದೇ ಎಣಿಸಿದಾಗ, ಇಡೀ ಕಾಲೇಜಿನ ಶೇ. 5ರಷ್ಟಿರುವ ಬಿಸಿಎ ಮತ್ತು ಸಮಾಜಕಾರ್ಯಗಳಿಗೆ ಫಲಿತಾಂಶದಲ್ಲಿ ಶೇ. 40ರಷ್ಟು ಪಾಲು ಸಿಕ್ಕಿತು. ಆ ಎರಡು ಪುಟ್ಟ ವಿಭಾಗಗಳಲ್ಲಿಯೇ ತೃಪ್ತಿ ಎಲ್ಲಕ್ಕಿಂತ ಹೆಚ್ಚಿರುವುದರಿಂದ ಒಟ್ಟು ಅಂಕಿ ಮೇಲಕ್ಕೆ ಉಬ್ಬಿತು.

ಸರಿಯಾದ ಲೆಕ್ಕವನ್ನು ತಲೆಗಳ ಎಣಿಕೆಯಲ್ಲಿಯೇ ಮಾಡಿ ತೋರಿಸಿದರೆ ಓದುಗರಿಗೆ ಸೂತ್ರದ ಹಂಗು ಬೇಕಾಗುವುದಿಲ್ಲ. ವಾಣಿಜ್ಯದ ಇಪ್ಪತ್ತರಲ್ಲಿ ಒಂಬತ್ತು ಎಂದರೆ ಶೇ. 45, ಅಂದರೆ 1200ರಲ್ಲಿ 540 ಜನ. ಅದೇ ರೀತಿ ಕಲಾ ವಿಭಾಗದಲ್ಲಿ 325, ವಿಜ್ಞಾನದಲ್ಲಿ 140, ಬಿಸಿಎದಲ್ಲಿ 48, ಸಮಾಜಕಾರ್ಯದಲ್ಲಿ 36. ಒಟ್ಟು 1089, ಎರಡು ಸಾವಿರಕ್ಕೆ ಇದು ಶೇ. 54ಕ್ಕಿಂತ ತುಸು ಹೆಚ್ಚು. ನಿಮ್ಮ ಅಂಕಿಗೂ ಇದಕ್ಕೂ ಹದಿನೈದಕ್ಕಿಂತ ಹೆಚ್ಚು ಶೇಕಡಾ ಅಂಶಗಳ ಅಂತರವಿದೆ. ಕಾಲೇಜಿನ ಪ್ರತಿ ಹತ್ತು ಜನರಲ್ಲಿ ಏಳು ಜನ ತೃಪ್ತರು ಎಂದು ಆಡಳಿತ ಮಂಡಳಿಗೆ ಹೇಳುವುದಕ್ಕೂ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ಮಾತ್ರ ತೃಪ್ತರು ಎಂದು ಹೇಳುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ವಿವರಿಸಬೇಕಾಗಿಲ್ಲ.

ಇನ್ನು ಲೇಖನದ ಮುಖ್ಯ ವಾದಕ್ಕೆ ಬರುತ್ತೇನೆ. ‘ಯಾವಾಗಲೂ’ ಎಂಬ ನಿಮ್ಮ ಮಾತು ನಿಮ್ಮದೇ ಮಾದರಿಯಲ್ಲಿ ಸುಳ್ಳಾಗುತ್ತದೆ. ಪ್ರತಿ ವಿಭಾಗದ ಉತ್ತರಕ್ಕೆ ಅದರ ಗಾತ್ರದ ತೂಕವನ್ನು ಕೊಟ್ಟು ಸರಿಪಡಿಸಿದ ಮೇಲೂ, ತಲಾ ಇಪ್ಪತ್ತು ಜನರ ಈ ಹಂಚಿಕೆಯಿಂದ ಬರುವ ಒಟ್ಟು ಅಂಕಿಯ ಅನಿಶ್ಚಿತತೆ ಶೇ. 95ರ ವಿಶ್ವಾಸ ಮಟ್ಟದಲ್ಲಿ, ಅಂದರೆ ಇಂಥ ನೂರು ಸಮೀಕ್ಷೆಗಳಲ್ಲಿ ಸುಮಾರು 95 ನಿಜವಾದ ಅಂಕಿಯನ್ನು ಒಳಗೊಳ್ಳುವಂತೆ, ಸುಮಾರು 14 ಅಂಶಗಳಷ್ಟು ಆಚೀಚೆ ಇರುತ್ತದೆ. ವಿಭಾಗಗಳನ್ನು ಗಣನೆಗೇ ತೆಗೆದುಕೊಳ್ಳದೆ 2000 ಹೆಸರುಗಳಿಂದ ನೂರು ಚೀಟಿ ಎತ್ತಿದ್ದರೆ ಅದು ಸುಮಾರು 9.5 ಅಂಶಗಳಿಗೆ ಇಳಿಯುತ್ತಿತ್ತು. ಕಾರಣ ಸರಳವಾಗಿದೆ: ಕಾಲೇಜಿನ ಅರ್ಧಕ್ಕಿಂತ ಹೆಚ್ಚು ಜನರಿರುವ ವಾಣಿಜ್ಯದ ಅಭಿಪ್ರಾಯವನ್ನು ನೀವು ಇಪ್ಪತ್ತೇ ಜನರಿಂದ ಅಂದಾಜು ಮಾಡಿದ್ದೀರಿ, ಆ ಒಂದು ಅಂದಾಜೇ 22 ಅಂಶಗಳಷ್ಟು ಆಚೀಚೆ ಹೋಗಬಲ್ಲದು, ಮತ್ತು ಅಂತಿಮ ಉತ್ತರದ ಶೇ. 60ರಷ್ಟು ಭಾಗ ಅದರ ಮೇಲೆಯೇ ನಿಂತಿದೆ.

ಹಾಗಾದರೆ ವಿಭಾಗದ ಗಾತ್ರಕ್ಕೆ ತಕ್ಕಂತೆ ನೂರನ್ನು ಹಂಚಿದರೆ, ಅಂದರೆ 60, 25, 10, 3, 2 ಎಂದು ಮಾಡಿದರೆ? ಅನಿಶ್ಚಿತತೆ ಸುಮಾರು 9.2 ಅಂಶಗಳಾಗುತ್ತದೆ. ಸರಳ ಯಾದೃಚ್ಛಿಕ ಮಾದರಿಯ 9.5ಕ್ಕೆ ಹೋಲಿಸಿದರೆ ಲಾಭವಿದೆ, ಆದರೆ ಅದರ ಬಗ್ಗೆ ನಾಲ್ಕು ಪುಟ ಬರೆಯುವಷ್ಟಿಲ್ಲ. ಸ್ತರೀಕರಣದಿಂದ ದೊಡ್ಡ ಲಾಭ ಸಿಗುವುದು ಒಂದು ಸ್ತರದೊಳಗಿನವರು ಬಹುಮಟ್ಟಿಗೆ ಒಂದೇ ತೆರನಾಗಿದ್ದು, ಸ್ತರ ಸ್ತರಗಳ ನಡುವೆ ಭಾರಿ ಅಂತರವಿರುವಾಗ. ನಿಮ್ಮ ವಾಣಿಜ್ಯ ವಿಭಾಗದೊಳಗೇ ಅಭಿಪ್ರಾಯ 45ಕ್ಕೆ 55 ಎಂದು ಒಡೆದಿದೆ, ಕಲಾ ವಿಭಾಗದಲ್ಲಿ 65ಕ್ಕೆ 35. ಹೀಗಿರುವಾಗ ವಿಭಾಗ ಗೊತ್ತಿದ್ದ ಮಾತ್ರಕ್ಕೆ ವಿದ್ಯಾರ್ಥಿಯ ಉತ್ತರವನ್ನು ಊಹಿಸಲಾಗದು. ನೀವು ಸಂಖ್ಯಾಶಾಸ್ತ್ರಜ್ಞ ನೇಮನ್ ಅವರ ಮಾದರಿ ಸಮೀಕ್ಷೆ ಕುರಿತ 1934ರ ಪ್ರಬಂಧವನ್ನು ನೆನೆದಿದ್ದೀರಿ, ಸಂತೋಷ. ಆದರೆ ಸ್ತರದ ಗಾತ್ರವನ್ನು ಅದರೊಳಗಿನ ಚದುರಿಕೆಯಿಂದ ಗುಣಿಸಿ ಹಂಚುವ ಅವರ ವಿಧಾನವನ್ನು ನಿಮ್ಮ ಅಂಕಿಗಳಿಗೆ ಹಚ್ಚಿದರೆ ಸಮಾಜಕಾರ್ಯಕ್ಕೆ ನೂರರಲ್ಲಿ ಒಂದೇ ಸ್ಥಾನ ಬರುತ್ತದೆ. ತಲಾ ಇಪ್ಪತ್ತು ಎಂಬ ನಿಮ್ಮ ಹಂಚಿಕೆಗೆ ಆ ಹೆಸರಿನ ಬೆಂಬಲ ಸಿಗುವುದಿಲ್ಲ. ಆ ಪರಿಚ್ಛೇದವನ್ನು ತೆಗೆಯಿರಿ.

ಇಷ್ಟಾದರೂ ವಿಭಾಗವಾರು ಮಾದರಿ ಬೇಕೆಂಬ ನಿಮ್ಮ ಒಳಗಿನ ಅನಿಸಿಕೆ ಸರಿಯೇ ಇದೆ. ಅದಕ್ಕೆ ಕೊಟ್ಟ ಕಾರಣ ಮಾತ್ರ ತಪ್ಪು. ಎರಡು ಸಾವಿರ ಹೆಸರುಗಳಿಂದ ನೂರು ಚೀಟಿ ಎತ್ತಿದಾಗ ನಲವತ್ತು ಜನರ ಸಮಾಜಕಾರ್ಯ ವಿಭಾಗದಿಂದ ಸರಾಸರಿ ಇಬ್ಬರು ಬರಬೇಕು, ಆದರೆ ಒಬ್ಬರೂ ಬಾರದಿರುವ ಸಾಧ್ಯತೆ ಸುಮಾರು ಎಂಟರಲ್ಲಿ ಒಂದು, ಒಬ್ಬರೇ ಬರುವ ಅಥವಾ ಯಾರೂ ಬಾರದ ಸಾಧ್ಯತೆ ಹತ್ತರಲ್ಲಿ ನಾಲ್ಕು. ಇದರಿಂದ ಇಡೀ ಕಾಲೇಜಿನ ಅಂಕಿಗೆ ಹೆಚ್ಚೇನೂ ಧಕ್ಕೆಯಾಗುವುದಿಲ್ಲ, ಏಕೆಂದರೆ ಆ ವಿಭಾಗದ ಪಾಲು ಶೇ. 2 ಮಾತ್ರ. ಆದರೆ ವರದಿಯಲ್ಲಿ ಸಮಾಜಕಾರ್ಯದ ಸಾಲು ಖಾಲಿ ಉಳಿಯುತ್ತದೆ, ಮತ್ತು ತಮ್ಮನ್ನು ಯಾರೂ ಕೇಳಲೇ ಇಲ್ಲ ಎಂದು ಆ ವಿಭಾಗದವರು ಹೇಳಿದರೆ ಆ ಮಾತು ನಿಜವಾಗಿರುತ್ತದೆ. ಗಾತ್ರಕ್ಕೆ ತಕ್ಕ ಹಂಚಿಕೆಯಲ್ಲಿ ಇಬ್ಬರು ಖಚಿತವಾಗಿ ಬರುತ್ತಾರೆಂಬುದು ನಿಜ, ಆದರೆ ಇಬ್ಬರಿಂದ ಬರುವ ಅಂಕಿ ಸೊನ್ನೆ, ಐವತ್ತು ಅಥವಾ ನೂರು, ಈ ಮೂರರಲ್ಲಿ ಒಂದಾಗಿರಲೇಬೇಕು. ಅದನ್ನು ಅಚ್ಚು ಹಾಕಿದರೆ ಉತ್ತರ ಕೊಟ್ಟವರು ಯಾರೆಂದು ವಿಭಾಗದ ಮುಖ್ಯಸ್ಥರಿಗೆ ತಿಳಿದುಹೋಗುವ ಅಪಾಯ ಬೇರೆ.

ಆದ್ದರಿಂದ ಲೇಖನ ಆರಂಭವಾಗಬೇಕಾದದ್ದು ಸಮೀಕ್ಷೆ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದೆ ಎಂಬಲ್ಲಿಂದ. ಇಡೀ ಕಾಲೇಜಿನ ಒಂದೇ ಅಂಕಿ ಸಾಕೆನ್ನುವವರು ಸರಳ ಯಾದೃಚ್ಛಿಕ ಮಾದರಿಯನ್ನೋ ಗಾತ್ರಕ್ಕೆ ತಕ್ಕ ಹಂಚಿಕೆಯನ್ನೋ ಬಳಸಿ ಸುಮ್ಮನಿರಬಹುದು. ಪ್ರತಿ ವಿಭಾಗದ ಅಂಕಿಯೂ ಬೇಕೆನ್ನುವವರು ಪುಟ್ಟ ವಿಭಾಗಗಳಿಂದ ಅವುಗಳ ಪಾಲಿಗಿಂತ ಹೆಚ್ಚು ಜನರನ್ನು ಆರಿಸಿ, ಒಟ್ಟು ಲೆಕ್ಕದಲ್ಲಿ ತೂಕ ಕೊಟ್ಟು ಸರಿದೂಗಿಸಬೇಕು. ನೂರೇ ಪ್ರಶ್ನಾವಳಿಗಳಿದ್ದರೆ ನಾನು ವಾಣಿಜ್ಯಕ್ಕೆ 45, ಕಲಾ ವಿಭಾಗಕ್ಕೆ 19, ಉಳಿದ ಮೂರಕ್ಕೆ ತಲಾ 12 ಎಂದು ಹಂಚುತ್ತಿದ್ದೆ. ನಿಮ್ಮ ಅಂಕಿಗಳನ್ನೇ ಹಿಡಿದು ಲೆಕ್ಕ ಹಾಕಿದರೆ ಇಡೀ ಕಾಲೇಜಿನ ಅಂಕಿಯ ಅನಿಶ್ಚಿತತೆ ಸುಮಾರು 10.4 ಅಂಶಗಳಾಗುತ್ತದೆ, ಸರಳ ಮಾದರಿಗಿಂತ ಒಂದು ಅಂಶದಷ್ಟು ಕಳೆದುಕೊಂಡು, ಪುಟ್ಟ ವಿಭಾಗಗಳ ಬಗ್ಗೆ ಒರಟಾಗಿಯಾದರೂ ಏನನ್ನಾದರೂ ಹೇಳುವ ಸ್ಥಿತಿಗೆ ಬಂದಿರುತ್ತೇವೆ. ಇನ್ನಷ್ಟು ಪ್ರಶ್ನಾವಳಿಗಳಿಗೆ ಅವಕಾಶವಿದ್ದರೆ ಬಿಸಿಎ ಮತ್ತು ಸಮಾಜಕಾರ್ಯದಲ್ಲಿ ಮಾದರಿಯ ಗೊಡವೆಯೇ ಬೇಡ. ಎರಡೂ ಸೇರಿ ನೂರು ಜನ. ಎಲ್ಲರನ್ನೂ ಕೇಳಿಬಿಡಿ, ಚೀಟಿ ಎತ್ತುವ ಕೆಲಸವನ್ನು ದೊಡ್ಡ ವಿಭಾಗಗಳಿಗೆ ಮೀಸಲಿಡಿ.

ಒಂದು ವಾಕ್ಯ ನನಗೆ ಇವೆಲ್ಲಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸಿತು. ‘ಆ ದಿನ ಕೊನೆಯ ಅವಧಿಯಲ್ಲಿ ತರಗತಿಯಲ್ಲಿದ್ದವರಲ್ಲಿ ಇಪ್ಪತ್ತು ಜನರನ್ನು ಆರಿಸಿಕೊಂಡೆವು’ ಎಂದು ಬರೆದಿದ್ದೀರಿ. ಇದು ಸರಳವೂ ಅಲ್ಲ, ಸ್ತರೀಕೃತವೂ ಅಲ್ಲ, ಯಾದೃಚ್ಛಿಕ ಮಾದರಿಯೇ ಅಲ್ಲ. ಮುಂಡರಗಿ, ರೋಣ, ಶಿರಹಟ್ಟಿ ಕಡೆಯಿಂದ ಪಾಸ್ ಮಾಡಿಸಿಕೊಂಡು ಬರುವವರಲ್ಲಿ ಸಂಜೆಯ ಬಸ್ಸು ತಪ್ಪೀತೆಂದು ಕೊನೆಯ ಅವಧಿಗೆ ಮುನ್ನವೇ ಹೊರಡುವವರಿರುತ್ತಾರೆ. ಪಾಠ ಹಿಡಿಸದೆ ಹೊರಗುಳಿದವರೂ ಇರುತ್ತಾರೆ. ತರಗತಿಯಲ್ಲಿ ಕುಳಿತವರನ್ನೇ ಕೇಳಿದರೆ ಅತೃಪ್ತರು ಮೊದಲೇ ಸೋಸಿಹೋಗಿರುವ ಸಾಧ್ಯತೆ ಹೆಚ್ಚು, ಮತ್ತು ಈ ಓರೆಯನ್ನು ಯಾವ ತೂಕದಿಂದಲೂ ನೇರ ಮಾಡಲಾಗದು. ನಾನು ಮೇಲೆ ಕೊಟ್ಟ ಅನಿಶ್ಚಿತತೆಯ ಅಂಕಿಗಳೂ ಆಯ್ಕೆ ನಿಜಕ್ಕೂ ಯಾದೃಚ್ಛಿಕವಾಗಿದ್ದರೆ ಮಾತ್ರ ಊರ್ಜಿತ.

ಮಾಡಬೇಕಾದದ್ದು ಕಷ್ಟದ ಕೆಲಸವಲ್ಲ. ಕಚೇರಿಯಿಂದ ಪ್ರತಿ ವಿಭಾಗದ ದಾಖಲಾತಿ ಪಟ್ಟಿಯನ್ನು ಪಡೆದು, ಬಿಟ್ಟುಹೋದವರ ಹೆಸರುಗಳನ್ನು ತೆಗೆದು, ಸ್ಪ್ರೆಡ್‌ಶೀಟಿನಲ್ಲಿ ಪ್ರತಿ ಹೆಸರಿನ ಮುಂದೆ `=RAND()` ಹಾಕಿ, ಬಂದ ಸಂಖ್ಯೆಗಳನ್ನು ಮೌಲ್ಯಗಳಾಗಿ ಅಂಟಿಸಿ ಸ್ಥಿರಗೊಳಿಸಿದ ಮೇಲೆ ಏರಿಕೆಯ ಕ್ರಮದಲ್ಲಿ ಜೋಡಿಸಿ, ಬೇಕಾದಷ್ಟು ಹೆಸರುಗಳನ್ನು ಮೇಲಿನಿಂದ ಎತ್ತಿಕೊಳ್ಳಬೇಕು. ಸ್ಥಿರಗೊಳಿಸದಿದ್ದರೆ ಹಾಳೆ ಪ್ರತಿ ಬಾರಿಯೂ ಹೊಸ ಸಂಖ್ಯೆ ಹುಟ್ಟಿಸುತ್ತದೆ, ಮರುದಿನ ನಿಮ್ಮ ಆಯ್ಕೆಯನ್ನು ನೀವೇ ತಾಳೆ ನೋಡಲಾಗದು. ಆರಿಸಿದವರು ಆ ದಿನ ಸಿಗದಿದ್ದರೆ ಪಕ್ಕದ ಬೆಂಚಿನವರನ್ನು ಕೇಳುವಂತಿಲ್ಲ. ಮರುದಿನ ಹೋಗಬೇಕು, ಫೋನು ಮಾಡಬೇಕು.

ಪರಿಷ್ಕರಿಸಿದ ಕೋಷ್ಟಕದಲ್ಲಿ ಪ್ರತಿ ವಿಭಾಗಕ್ಕೆ ನಾಲ್ಕು ಅಂಕಣಗಳಿರಲಿ: ಒಟ್ಟು ವಿದ್ಯಾರ್ಥಿಗಳು, ಆರಿಸಿದವರು, ಉತ್ತರಿಸಿದವರು, ಒಬ್ಬೊಬ್ಬರ ತೂಕ. ತೂಕವನ್ನು ಆರಿಸಿದವರ ಸಂಖ್ಯೆಯಿಂದ ಭಾಗಿಸಿ ಪಡೆಯಬೇಡಿ, ಉತ್ತರಿಸಿದವರ ಸಂಖ್ಯೆಯಿಂದ ಪಡೆಯಿರಿ. ವಾಣಿಜ್ಯದ 45 ಜನರಲ್ಲಿ 30 ಜನ ಮಾತ್ರ ಪ್ರಶ್ನಾವಳಿ ಮರಳಿಸಿದರೆ ಒಬ್ಬೊಬ್ಬರ ತೂಕ 1200 ಭಾಗಿಸು 30, ಅಂದರೆ 40 ಆಗುತ್ತದೆ. ಉಳಿದ ಹದಿನೈದು ಜನರೂ ಉತ್ತರಿಸಿದವರಂತೆಯೇ ಯೋಚಿಸುತ್ತಾರೆ ಎಂಬ ಊಹೆ ಆ ಭಾಗಾಕಾರದಲ್ಲಿ ಅಡಗಿದೆ, ಅದನ್ನು ಕೋಷ್ಟಕದ ಕೆಳಗೆ ಒಂದು ವಾಕ್ಯದಲ್ಲಿ ಬರೆಯಿರಿ. ಸಮೀಕ್ಷೆಯನ್ನು ಈ ರೀತಿ ಮತ್ತೊಮ್ಮೆ ನಡೆಸಿ ಕಳುಹಿಸಿದರೆ ಲೇಖನವನ್ನು ಹೊಸದಾಗಿಯೇ ಓದುತ್ತೇನೆ.