ಜರಡಿ ಅಲ್ಲ ಮೇಷ್ಟ್ರೇ

ಪತ್ರ: "ನ್ಯೂಕ್ಲಿಯಸ್ ಪೊರೆಯ ತೂತುಗಳಿಗೇ ಎರಡು ಪುಟ ಕೊಟ್ಟಿದ್ದೀರಿ. ಅದೊಂದು ಜರಡಿ. ಚಿಕ್ಕದು ಹೋಗುತ್ತೆ, ದೊಡ್ಡದು ಹೋಗಲ್ಲ. ಚಿತ್ರ ಬರೆದು ಭಾಗ ಗುರುತಿಸಿದರೆ ಪರೀಕ್ಷೆಗೆ ಸಾಕಲ್ವಾ?"
– ಪಿಯು ಜೀವಶಾಸ್ತ್ರ ಉಪನ್ಯಾಸಕರು, ಹಾಸನ

ಸಂಪಾದಕರ ಉತ್ತರ: ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ ಮೇಷ್ಟ್ರೇ. ನೀರು, ಅಯಾನು, ಪುಟ್ಟ ಪ್ರೋಟೀನುಗಳು ಆ ತೂತುಗಳಲ್ಲಿ ಆರಾಮಾಗಿ ಓಡಾಡುತ್ತವೆ. ಸುಮಾರು 40 ಕಿಲೋಡಾಲ್ಟನ್ ತೂಕ ದಾಟಿದವಕ್ಕೆ ಆ ಸಲೀಸು ಇಲ್ಲ. ಅಂಕಕ್ಕೆ ಇಷ್ಟು ಸಾಕು, ಒಪ್ಪಿದೆ.

ಆದರೆ 1982ರಲ್ಲಿ ಡಿಂಗ್ವಾಲ್, ಲಾಸ್ಕಿ ಮತ್ತು ಸಂಗಡಿಗರು ಕಪ್ಪೆಯ ಬಲಿಯುತ್ತಿರುವ ಮೊಟ್ಟೆಯಲ್ಲಿ ಮಾಡಿದ ಪ್ರಯೋಗ ನೋಡಿ. ಆ ಮೊಟ್ಟೆಕೋಶದ ನ್ಯೂಕ್ಲಿಯಸ್ ಎಷ್ಟು ದೊಡ್ಡದೆಂದರೆ ಚಿಮುಟ ಹಿಡಿದು ಹೊರಗೆ ತೆಗೆಯಬಹುದು. ಅವರು ಆರಿಸಿಕೊಂಡದ್ದು ನ್ಯೂಕ್ಲಿಯೋಪ್ಲಾಸ್ಮಿನ್ ಎಂಬ ಪ್ರೋಟೀನು. ಐದು ಒಂದೇ ಥರದ ತುಂಡುಗಳು ಸೇರಿ ಒಂದು ಗುಂಪು, ಪ್ರತಿ ತುಂಡಿಗೂ ಒಂದು ಬಾಲ. ನ್ಯೂಕ್ಲಿಯಸ್ಸಿನ ಹೊರಗಿನ ಜೀವದ್ರವಕ್ಕೆ ಚುಚ್ಚಿದರೆ ಅದು ನ್ಯೂಕ್ಲಿಯಸ್ಸಿನಲ್ಲಿ ಹೋಗಿ ತುಂಬಿಕೊಳ್ಳುತ್ತದೆ. ಆಮೇಲೆ ಕಿಣ್ವ ಹಾಕಿ ಬಾಲಗಳನ್ನು ಕತ್ತರಿಸಿದರು. ಪ್ರೋಟೀನು ಈಗ ಮೊದಲಿಗಿಂತ ಚಿಕ್ಕದಾಯಿತು. ಜರಡಿಯಾದರೆ ಇನ್ನೂ ಸುಲಭವಾಗಿ ಹೋಗಬೇಕಿತ್ತು ತಾನೇ? ಅದು ಹೊರಗೇ ಉಳಿಯಿತು! ಐದರಲ್ಲಿ ಒಂದೇ ಒಂದು ಬಾಲ ಉಳಿಸಿದರೂ ಸಾಕು, ನಿಧಾನವಾಗಿಯಾದರೂ ಒಳಗೆ ಸೇರಿತು. 1984ರಲ್ಲಿ ಫೆಲ್ಡ್‌ಹರ್ ತಂಡ ಚಿನ್ನದ ಕಣಗಳಿಗೆ ಇದೇ ಪ್ರೋಟೀನು ಸವರಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ಕಪ್ಪು ಚುಕ್ಕಿಗಳು ರಂಧ್ರದ ನಡುವೆಯೇ ಸಿಕ್ಕವು.

ಬಾಲದಲ್ಲಿರುವ ಗುರುತನ್ನು ಇಂಪೋರ್ಟಿನ್ ಎಂಬ ಸಾಗಣೆಯ ಪ್ರೋಟೀನು ಹಿಡಿಯುತ್ತದೆ, ರಂಧ್ರ ದಾಟಿಸುತ್ತದೆ. ಒಳಗೆ ರ‍್ಯಾನ್ ಎಂಬ ಪುಟ್ಟ ಪ್ರೋಟೀನು ಜಿಟಿಪಿ ಎಂಬ ಅಣುವನ್ನು ಹೊತ್ತು ಕಾದಿರುತ್ತದೆ. ಅದು ಬಂದು ಇಂಪೋರ್ಟಿನ್‌ಗೆ ಅಂಟಿಕೊಂಡರೆ ಸರಕು ಕಳಚಿ ಬೀಳುತ್ತದೆ. ಹೊರಗೆ ಆ ಜಿಟಿಪಿ ಒಡೆದು ಜಿಡಿಪಿ ಆಗುತ್ತದೆ. ಒಳಗೊಂದು ರೂಪ, ಹೊರಗೊಂದು ರೂಪ, ಅದಕ್ಕೇ ಸಾಗಾಟಕ್ಕೆ ದಿಕ್ಕು.

ನನ್ನ ಹಳೇ ಸಿಟ್ಟು ಬೇರೆಯೇ ಇದೆ. ಪುಸ್ತಕಗಳಲ್ಲಿ ನ್ಯೂಕ್ಲಿಯಸ್ಸಿನ ಒಳಗಿರುವ ನ್ಯೂಕ್ಲಿಯೋಲಸ್ ಅಂದರೆ ಪೆನ್ಸಿಲ್ಲಿನಲ್ಲಿ ತುಂಬಿದ ಒಂದು ಕಪ್ಪು ಬೊಟ್ಟು. ಅದಕ್ಕೆ ಪೊರೆಯೇ ಇಲ್ಲ. ಪ್ರೋಟೀನು ತಯಾರಿಸುವ ರೈಬೋಸೋಮಿನ ಸ್ವಂತ ಪ್ರೋಟೀನುಗಳು ಹುಟ್ಟುವುದು ನ್ಯೂಕ್ಲಿಯಸ್ಸಿನ ಹೊರಗೆ. ಅವು ರಂಧ್ರ ದಾಟಿ ಒಳಬಂದು, ನ್ಯೂಕ್ಲಿಯೋಲಸ್ಸಿನಲ್ಲಿ ಆರ್‌ಎನ್‌ಎ ಜೊತೆ ಸೇರಿ, ದೊಡ್ಡದೊಂದು ಚಿಕ್ಕದೊಂದು ಉಪಘಟಕವಾಗಿ ಮತ್ತೆ ಅದೇ ಥರದ ರಂಧ್ರಗಳಲ್ಲಿ ಹೊರಬೀಳುತ್ತವೆ. ಇಷ್ಟು ಓಡಾಟವಿದ್ದರೂ ಚಿತ್ರದಲ್ಲಿ ಒಂದು ಬಾಣದ ಗುರುತೂ ಇರುವುದಿಲ್ಲ. ಮಕ್ಕಳು ಸ್ಕೇಲು ಹಿಡಿದು ಹೆಸರಿನ ಗೆರೆ ಎಳೆಯುವುದರಲ್ಲೇ ಸುಸ್ತು. ಗೆರೆ ಸೊಟ್ಟಗಾದರೆ ಅರ್ಧ ಅಂಕ ಕಟ್, ಬಾಣ ಇಲ್ಲದ್ದಕ್ಕೆ ಯಾರೂ ಕೇಳುವವರಿಲ್ಲ.

ನೀವು ಮನಸ್ಸಿಟ್ಟು ಪಾಠ ಮಾಡುವವರು ಅಂತ ಪತ್ರ ನೋಡಿದರೇ ಗೊತ್ತಾಗುತ್ತೆ. ಹಾಗಾಗಿ ಕಿರುಪರೀಕ್ಷೆಗೆ ಒಂದು ಪ್ರಶ್ನೆ: ಬಾಲ ಕತ್ತರಿಸಿದ ಆ ಪ್ರೋಟೀನನ್ನು ನೇರವಾಗಿ ನ್ಯೂಕ್ಲಿಯಸ್ಸಿಗೇ ಚುಚ್ಚಿದರೆ ಏನಾಗುತ್ತೆ? ಅದು ಅಲ್ಲೇ ಉಳಿಯುತ್ತದೆ. ಯಾಕೆ ಅಂತ ಮಕ್ಕಳೇ ಬರೆಯಲಿ.