ಹತ್ತು ಓವರ್ ಮ್ಯಾಚಿನ ವರ್ಮ್ ಗ್ರಾಫ್ ಕೊನೆಯಲ್ಲಿ ನೆಲಕ್ಕೆ ಬೀಳುವುದೇಕೆ?

ಪ್ರಶ್ನೆ: ಪುಣೆಯಲ್ಲಿ ನಮ್ಮ ಕನ್ನಡಿಗರ ಟೆನಿಸ್ ಬಾಲ್ ಟೂರ್ನಮೆಂಟಿಗೆ ನಾನೇ ಸ್ಕೋರರ್. ಎಕ್ಸೆಲ್‌ನಲ್ಲಿ ವರ್ಮ್, ಅಂದರೆ ಓವರ್ ಓವರಿಗೆ ಏರುವ ಒಟ್ಟು ರನ್ನಿನ ಗೆರೆ ಹಾಕಿದೆ. ಎರಡನೇ ಟೀಮ್ 8.2 ಓವರಿಗೇ ಗೆದ್ದಿತು, ಆದರೆ ಅವರ ಗೆರೆ ಕೊನೆಗೆ ಸೊನ್ನೆಗೆ ಬಿದ್ದಿದೆ. ವಿಕೆಟ್ ಚುಕ್ಕೆಗಳೂ ಗೆರೆಯಿಂದ ಹೊರಗೆ ಕೂತಿವೆ. ಎಲ್ಲಿ ತಪ್ಪಿದೆ?

ಉತ್ತರ:

ಖಾಲಿ ಓವರಿಗೆ ಫಾರ್ಮುಲಾದಲ್ಲಿ `""` ಕೊಟ್ಟಿರಬೇಕು. ಕಣ್ಣಿಗೆ ಖಾಲಿ ಕಂಡರೂ ಎಕ್ಸೆಲ್ ಪಾಲಿಗೆ ಅದು ಅಕ್ಷರ. ಗ್ರಾಫಿನಲ್ಲಿ ಅಕ್ಷರಕ್ಕೆ ಸೊನ್ನೆಯ ಬೆಲೆ, ಹಾಗಾಗಿ ಗೆರೆ ಕೆಳಗೆ ಜಾರುತ್ತದೆ. `NA()` ಕೊಟ್ಟರೆ ಆ ಬಿಂದುವೇ ಮೂಡುವುದಿಲ್ಲ.

ಎರಡೂ ಟೀಮಿಗೆ ಬೇರೆ ಬೇರೆ ಓವರ್ ಕಾಲಂ ಇರಲಿ. A, B, C ಮೊದಲ ಟೀಮಿನ ಓವರ್, ಆ ಓವರಿನ ರನ್, ಒಟ್ಟು ರನ್. E, F, G ಎರಡನೆಯವರದು. 2ನೇ ಸಾಲಿನಲ್ಲಿ ಓವರ್ 0, ರನ್ 0, ಒಟ್ಟು 0 ಬರೆಯಿರಿ. ಇದನ್ನು ಬಿಟ್ಟರೆ ಗೆರೆ ಮೊದಲ ಓವರಿನ ಕೊನೆಯಿಂದ ಶುರುವಾಗುತ್ತದೆ. 3ನೇ ಸಾಲಿನಿಂದ ಒಟ್ಟು ರನ್ನಿಗೆ:

```
C3: =IF(B3="",NA(),SUM(B$2:B3))
G3: =IF(F3="",NA(),SUM(F$2:F3))
```

ಮೇಡನ್ ಓವರಿಗೆ 0 ಎಂದು ಬರೆಯಲೇಬೇಕು, ಖಾಲಿ ಬಿಟ್ಟರೆ ಆಡದ ಓವರ್ ಆಗಿಬಿಡುತ್ತದೆ. ಗ್ರಾಫ್ ವಿಧ `Scatter with Straight Lines` ಇರಲಿ. `Smooth` ಬೇಡ, ಅದು ಗೆರೆಯನ್ನು ಬಳುಕಿಸಿ ಕೆಲವೆಡೆ ಕೆಳಗೂ ಇಳಿಸುತ್ತದೆ, ಒಟ್ಟು ರನ್ ಎಂದಾದರೂ ಇಳಿಯುವುದುಂಟೆ?

ಇನ್ನು 8.2 ವಿಷಯ. ಓವರಿಗೆ ಆರು ಚೆಂಡು, ಆದ್ದರಿಂದ ಅಡ್ಡ ಗೆರೆಯ ಮೇಲೆ ಅದರ ಜಾಗ 8.2 ಅಲ್ಲ, 8.33. E11ರಲ್ಲಿ `=8+2/6` ಬರೆಯಿರಿ. ಒಂದು ಲೆಕ್ಕ ನೋಡೋಣ. ಮೊದಲ ಟೀಮಿನ ಒಟ್ಟು ಓವರ್ ಓವರಿಗೆ 6, 15, 19, 30, 37, 42, 50, 56, 68, 78. ಎರಡನೆಯವರದು 4, 7, 15, 22, 34, 47, 58, 73, ಆಮೇಲೆ ಎರಡು ಚೆಂಡಿಗೆ ಆರು ಬಂದು 79. ಈ 79ನ್ನು 9ನೇ ಓವರಿನ ಕೊನೆಗೆ ಇಟ್ಟರೆ ಇಡೀ ಓವರಿಗೆ ಆರೇ ರನ್ ಬಂದಂತೆ ಗೆರೆ ಮಲಗಿಬಿಡುತ್ತದೆ. ನಿಜಕ್ಕೂ ಆಗ ಓಡಿದ ವೇಗ ಓವರಿಗೆ 18ರಂತೆ.

ಗೆರೆಯ ತುದಿ ಸ್ಕೋರ್‌ಬುಕ್ಕಿನ ಒಟ್ಟಿಗೆ ತಾಳೆಯಾಗದೆ ಮೂರ್ನಾಲ್ಕು ರನ್ ಕಡಿಮೆ ಬಂದರೆ, ಓವರಿನ ರನ್ನನ್ನು ಬೌಲರ್ ಲೆಕ್ಕದಿಂದ ಎತ್ತಿದ್ದೀರಿ ಎಂದರ್ಥ. ವೈಡ್, ನೋ ಬಾಲ್ ಬೌಲರ್ ತಲೆಗೆ ಬರುತ್ತವೆ, ಆದರೆ ಬೈ, ಲೆಗ್ ಬೈ ಬರುವುದಿಲ್ಲ. ಪ್ರತಿ ಓವರ್ ಮುಗಿದಾಗ ಬೋರ್ಡಿನಲ್ಲಿದ್ದ ಒಟ್ಟನ್ನೇ ಬರೆದುಕೊಂಡು, C, G ಕಾಲಂಗಳಲ್ಲಿ ಫಾರ್ಮುಲಾ ಬದಲು ಅದನ್ನೇ ಹಾಕಿದರೆ ಈ ತಕರಾರೇ ಇಲ್ಲ.

ಚುಕ್ಕೆ ಹೊರಗೆ ಬೀಳುವುದು ನಿಮ್ಮ ತಪ್ಪಲ್ಲ. ಮೇಲಿನ ಎರಡನೇ ಟೀಮಿನ ಐದನೇ ಓವರ್ ತೆಗೆದುಕೊಳ್ಳಿ: 22ರಿಂದ 34ಕ್ಕೆ ಹೋಯಿತು. ನಾಲ್ಕನೇ ಚೆಂಡಿಗೆ, 24 ಇದ್ದಾಗ ವಿಕೆಟ್ ಬಿತ್ತು ಎನ್ನೋಣ. ಗೆರೆ ಓವರಿನ ಎರಡು ತುದಿಗಳನ್ನು ನೇರವಾಗಿ ಜೋಡಿಸುವುದರಿಂದ ಆ ಜಾಗದಲ್ಲಿ 30 ತೋರಿಸುತ್ತದೆ, ಚುಕ್ಕೆ ಆರು ರನ್ ಕೆಳಗೆ ಕೂರುತ್ತದೆ. ಚೆಂಡು ಚೆಂಡಿನ ಲೆಕ್ಕವಿದ್ದರೆ ಗೆರೆಯನ್ನೇ ಹಾಗೆ ಎಳೆಯಿರಿ. ಇಲ್ಲದಿದ್ದರೆ ವಿಕೆಟ್ ಬಿದ್ದ ಓವರಿನ ಕೊನೆಯ ಬಿಂದುವಿನ ಮೇಲೆ, ಅಂದರೆ 5 ಮತ್ತು 34ರಲ್ಲಿ ಚುಕ್ಕೆ ಇಡಿ. ಒಂದೇ ಓವರಿನಲ್ಲಿ ಎರಡು ಬಿದ್ದರೆ ಒಂದರ ಮೇಲೊಂದು ಕೂತು ಒಂದೇ ಕಾಣುತ್ತದೆ. ಎರಡನೆಯದನ್ನು ತುಸು ಮೇಲಕ್ಕೆ ಸರಿಸಿ.

ಚುಕ್ಕೆಯ ರಗಳೆ ಯಾಕೆ ಎಂದು ಬಿಟ್ಟುಬಿಡಬೇಡಿ. 2011ರ ವಿಶ್ವಕಪ್ ಫೈನಲ್, ವಾಂಖೆಡೆ: ಶ್ರೀಲಂಕಾದ ಮೊದಲ ವಿಕೆಟ್ 6.1 ಓವರಿನಲ್ಲಿ 17ಕ್ಕೆ ಬಿತ್ತು. ಭಾರತದ ಸರದಿಯಲ್ಲಿ ತೆಂಡೂಲ್ಕರ್ ಔಟಾದದ್ದೂ 6.1ರಲ್ಲೇ, ಸ್ಕೋರ್ 31. ಬರೀ ಗೆರೆ ನೋಡಿದವರಿಗೆ ಭಾರತ 14 ರನ್ ಮುಂದೆ. ಆದರೆ ಸೆಹ್ವಾಗ್ ಸೊನ್ನೆಗೇ ಹೋಗಿದ್ದರಿಂದ ಅದು ಎರಡನೇ ವಿಕೆಟ್, ಸ್ಟೇಡಿಯಂ ಆಗ ಮೌನ. ಅದೇ ಮ್ಯಾಚಿನ ಇನ್ನೊಂದು ತುದಿಯಲ್ಲಿ ಶ್ರೀಲಂಕಾ ಕೊನೆಯ ಐದು ಓವರಿಗೆ 63 ಬಾರಿಸಿ 274 ಮುಟ್ಟಿತು, ಅಂದರೆ 45 ಓವರಿಗೆ ಅವರದು 211. ಭಾರತ 41.2ಕ್ಕೇ 223ರಲ್ಲಿತ್ತು. ಹೀಗೆ ಮೊದಲ ಟೀಮಿನ ಗೆರೆ ಬಾಲದಲ್ಲಿ ನೆಟ್ಟಗೆ ಏಳುವಂತಿದ್ದರೆ, 40ನೇ ಓವರ್ ಸುತ್ತ ಎರಡನೆಯವರು ಮುಂದಿದ್ದಾರೆ ಎಂದಷ್ಟೇ ನೋಡಿ ಗೆದ್ದರು ಎನ್ನಬೇಡಿ. ಮಿಕ್ಕ ಓವರಿಗೆ ಎಷ್ಟು ರನ್ ಬೇಕು, ಕೈಯಲ್ಲಿ ಎಷ್ಟು ವಿಕೆಟ್ ಇವೆ ಎಂಬುದನ್ನು ಗ್ರಾಫಿನ ಪಕ್ಕದಲ್ಲೇ ಬರೆದಿಡಿ.

ಮಳೆಯಿಂದ ಎರಡನೇ ಸರದಿ ಎಂಟು ಓವರಿಗಿಳಿದರೆ ಎರಡೂ ಗೆರೆಗಳನ್ನು ಹೀಗೆ ಹೋಲಿಸಲಾಗದು. ಆಗ ಸೊನ್ನೆಯಿಂದ ಹೊಸ ಗುರಿಯವರೆಗೆ ಒಂದು ಚುಕ್ಕಿ ಗೆರೆ ಎಳೆದು ಅದರ ಜೊತೆ ಹೋಲಿಸಿ.