ಕ್ಯಾಲಿಫೋರ್ನಿಯಾದ ಮಗುವಿಗೆ ಮಡಿಕೇರಿಯಿಂದ ತಾಳ

ಪ್ರಶ್ನೆ: ವಿರಾಜಪೇಟೆಯಲ್ಲಿ ಕರ್ನಾಟಕ ಸಂಗೀತ ಹೇಳಿಕೊಡ್ತೇನೆ. ಈಗ ಅಮೆರಿಕದಲ್ಲಿರುವ ಇಬ್ಬರು ಮಕ್ಕಳಿಗೆ ಝೂಮ್‌ನಲ್ಲಿ ಪಾಠ. ನಾನು ತಾಳ ಹಾಕಿದರೆ ಮಕ್ಕಳು ಯಾವಾಗಲೂ ಹಿಂದೆ ಬೀಳ್ತಾರೆ, ತಂಬೂರಿ ಶಬ್ದ ನಡುನಡುವೆ ಮಾಯ ಆಗುತ್ತೆ. ಏನು ಮಾಡೋದು?

ಮೊದಲು ನೀವು ತಾಳ ಹಾಕೋದನ್ನು ನಿಲ್ಲಿಸಿ. ಮಕ್ಕಳು ಹಿಂದೆ ಬೀಳುತ್ತಿಲ್ಲ, ಶಬ್ದ ತಡವಾಗಿ ಬರುತ್ತಿದೆ.

ನಿಮ್ಮ ಪೆಟ್ಟು ಅಲ್ಲಿಗೆ ತಲುಪಲು ಕಾಲು ಸೆಕೆಂಡು ಹಿಡಿಯಿತು ಅಂತಿಟ್ಟುಕೊಳ್ಳಿ. ಮಗು ಅದಕ್ಕೆ ಸರಿಯಾಗಿ ಹಾಡಿದರೂ ಆ ದನಿ ನಿಮಗೆ ಬರಲು ಇನ್ನೊಂದು ಕಾಲು ಸೆಕೆಂಡು ಬೇಕು. ಒಟ್ಟು ಅರ್ಧ ಸೆಕೆಂಡು. ಮಾಯಾಮಾಳವಗೌಳದ ಸರಳೆ ವರಸೆಯನ್ನು ಸೆಕೆಂಡಿಗೊಂದು ಅಕ್ಷರದಂತೆ ಹಾಡಿಸುತ್ತಿದ್ದರೆ ಒಂದನೇ ಕಾಲದಲ್ಲಿ ಅದು ಅರ್ಧ ಸ್ವರದಷ್ಟು ತಡ, ಹೇಗೋ ಸಹಿಸಬಹುದು. ಎರಡನೇ ಕಾಲದಲ್ಲಿ ಪೂರ್ತಿ ಒಂದು ಸ್ವರ. ಮೂರನೇ ಕಾಲಕ್ಕೆ ಬಂದಾಗ ಎರಡು ಸ್ವರ! ನೀವು ಗ ಅನ್ನುವಾಗ ಮಗು ಸ ಅನ್ನುತ್ತಿರುತ್ತದೆ. ದುಬಾರಿ ಇಂಟರ್ನೆಟ್ ಹಾಕಿಸಿದರೂ ಇದು ಪೂರ್ತಿ ಹೋಗಲ್ಲ, ದೂರವೇ ಅಷ್ಟಿದೆ.

ಇಲ್ಲಿ ಟೀಚರ್ "ಬೇಗ, ಬೇಗ" ಅಂದರೆ ಕೆಲಸ ಕೆಡುತ್ತದೆ. ಸ್ಯಾನ್ ಹೋಸೆ ಕಡೆಯ ಎಂಟು ವರ್ಷದ ಹುಡುಗಿಯೊಬ್ಬಳು ಬೇರೆ ಕಡೆ ಸ್ವಲ್ಪ ಕಲಿತು ನನ್ನ ಹತ್ತಿರ ಬಂದಳು. ಅಜ್ಜಿ ಮನೆ ಪೊನ್ನಂಪೇಟೆ. ತಾಳಜ್ಞಾನವೇ ಇಲ್ಲ ಅಂತ ಅವಳ ಅಮ್ಮನಿಗೆ ಚಿಂತೆ. "ಒಂದು ಜಂಟಿ ವರಸೆ ಅವಳೇ ತಾಳ ಹಾಕಿಕೊಂಡು ಹಾಡಲಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ" ಅಂದೆ. ಕೇಳಿದರೆ ಲಯ ಒಂದೇ ಸಮ ಇದೆ, ಎಲ್ಲೂ ಓಡಿಲ್ಲ. ಆದರೆ ಪ್ರತಿ ಆವರ್ತನದ ಮೊದಲ ಸ್ವರ ಪೆಟ್ಟಿಗಿಂತ ಒಂಚೂರು ಮುಂಚೆ ಬೀಳುತ್ತಿತ್ತು. ಅತ್ತ ಕೂತ ಟೀಚರ್ ಕಿವಿಗೆ ಸರಿಹೋಗಲಿ ಅಂತ ಪಾಪ ಮಗು ಮುಂಚೆ ಎತ್ತಿಕೊಳ್ಳೋದನ್ನೇ ಅಭ್ಯಾಸ ಮಾಡಿಕೊಂಡಿತ್ತು. ನಿಮ್ಮ ಮಕ್ಕಳಿಂದಲೂ ಇಂಥ ರೆಕಾರ್ಡಿಂಗ್ ತರಿಸಿ. ಅದರಲ್ಲಿ ಸರಿಯಿದ್ದು ಪಾಠದಲ್ಲಿ ಮಾತ್ರ ತಪ್ಪಿದರೆ ದೋಷ ಮಗುವಿನದಲ್ಲ.

ಈಗ ನಾನು ಮಾಡೋದು ಹೀಗೆ. ಒಂದು ಆವರ್ತನ ನಾನು ಹಾಡಿ ನಿಲ್ಲಿಸುತ್ತೇನೆ. ಆಮೇಲೆ ಅವಳು ತನ್ನದೇ ತಾಳ ಹಾಕಿಕೊಂಡು ಹಾಡುತ್ತಾಳೆ. ನಡುವೆ ಎಷ್ಟು ತಡವಾದರೂ ಚಿಂತೆಯಿಲ್ಲ, ನಾನು ಕೈ ಕಟ್ಟಿ ಕೇಳುತ್ತೇನೆ. ಪೆಟ್ಟನ್ನು ತೊಡೆಯ ಮೇಲೆ ಶಬ್ದ ಬರುವ ಹಾಗೆ ಹಾಕಬೇಕು. ವಿಡಿಯೋದಲ್ಲಿ ಕೈ ನೋಡಿ ತೀರ್ಮಾನಿಸಬೇಡಿ, ಚಿತ್ರವೂ ದನಿಯೂ ಕೆಲವೊಮ್ಮೆ ಹೊಂದಲ್ಲ. ಪೆಟ್ಟು, ಹಾಡು ಎರಡೂ ಒಂದೇ ಮೈಕಿನಿಂದ ಒಟ್ಟಿಗೆ ಬರುತ್ತವಲ್ವಾ, ಅದನ್ನೇ ನಂಬಿ. ಆದಿತಾಳದಲ್ಲಿ ಬೆರಳೆಣಿಕೆ, ಹುಸಿ ಕೇಳಿಸಲ್ಲ. ಒಂದು, ಐದು, ಏಳನೇ ಅಕ್ಷರದ ಪೆಟ್ಟು ಕೇಳಿಸುತ್ತೆ. ಆ ಮೂರು ಜಾಗದಲ್ಲಿ ಸ್ವರ ಸರಿಯಾಗಿ ಕೂತರೆ ಸಾಕು. ಜೊತೆಗೆ ಹಾಡುವ ಅಭ್ಯಾಸಕ್ಕೆ ಮೂರೂ ಕಾಲ ತಾಳದೊಂದಿಗೆ ನಾನೇ ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ. ಅದು ಅವಳ ಮನೆಯಲ್ಲೇ ಮೊಳಗುವುದರಿಂದ ತಡದ ಪ್ರಶ್ನೆಯೇ ಇಲ್ಲ.

ಇನ್ನು ತಂಬೂರಿ. ಒಂದೇ ಸಮನೆ ಬರುವ ಶಬ್ದವನ್ನು ಝೂಮ್ ಫ್ಯಾನಿನ ಸದ್ದು ಅಂದುಕೊಂಡು ಅಳಿಸಿಬಿಡುತ್ತದೆ. ಉದ್ದಕ್ಕೆ ಎಳೆದ ಷಡ್ಜಕ್ಕೂ ಕೆಲವೊಮ್ಮೆ ಅದೇ ಗತಿ. ಲ್ಯಾಪ್‌ಟಾಪಿನಲ್ಲಿ Settings ಒಳಗೆ Audio ತೆರೆದರೆ Original sound for musicians ಅಂತ ಇದೆ. ಅದನ್ನು ಆರಿಸಿ, ಪಾಠ ಶುರುವಾದ ಮೇಲೆ ಅದೇ ಹೆಸರಿನ ಗುಂಡಿ ಆನ್ ಇದೆಯಾ ನೋಡಿ. ಎರಡೂ ಕಡೆ ಮಾಡಬೇಕು. ಅಲ್ಲೇ ಇರುವ Echo cancellation ತೆಗೆಯುವುದಾದರೆ ಇಬ್ಬರಿಗೂ ಹೆಡ್‌ಫೋನ್ ಇರಲೇಬೇಕು, ಇಲ್ಲದಿದ್ದರೆ ನಿಮ್ಮ ದನಿ ನಿಮಗೇ ವಾಪಸ್ ಬರುತ್ತದೆ.

ಇಷ್ಟಾದರೂ ನಿಮ್ಮ ತಂಬೂರಿಯನ್ನು ಮಗುವಿಗೆ ಕಳಿಸುವ ಗೋಜು ಬೇಡ. ಅವಳ ಪಕ್ಕದಲ್ಲೇ ಇನ್ನೊಂದು ಫೋನಿನಲ್ಲಿ ತಂಬೂರಿ ಆಪ್ ಹಾಕಿಸಿ. ನನ್ನ ಹುಡುಗಿಗೆ ಐದು ಮನೆ ಶ್ರುತಿ. ನನ್ನ ಕಡೆಯೂ ಅದೇ ಆಪ್, ಅದೇ ಶ್ರುತಿ. ತಿರುಗಣೆ ಇರುವ ಹಳೇ ಶ್ರುತಿ ಪೆಟ್ಟಿಗೆ ಒಂದು ಕಡೆ, ಆಪ್ ಇನ್ನೊಂದು ಕಡೆ ಆದರೆ ಕೂದಲೆಳೆ ವ್ಯತ್ಯಾಸ ಬಂದು ಮಗುವೇ ಅಪಶ್ರುತಿ ಹಾಡಿದಂತೆ ಕೇಳುತ್ತದೆ.

ನಮ್ಮೂರಿಗೇ ಸೇರಿದ ಒಂದು ತಾಪತ್ರಯ ಇದೆ. Original sound ಹಾಕಿದರೆ ತಂಬೂರಿಯ ಜೊತೆ ಮಳೆಯೂ ಹೋಗುತ್ತದೆ. ಜುಲೈನಲ್ಲಿ ಶೀಟಿನ ಮೇಲೆ ಮಳೆ ಸುರಿಯುವಾಗ ನನ್ನ ಹಾಡು ಅವರಿಗೆ ಕೇಳೋದೇ ಇಲ್ಲ. ಹಾಗಾಗಿ ಮಳೆಗಾಲದಲ್ಲಿ ಅದನ್ನು ನನ್ನ ಕಡೆ ಮಾತ್ರ ಆಫ್ ಮಾಡುತ್ತೇನೆ. ಆಗ ನನ್ನ ಎಳೆದ ಸ್ವರ ತುಂಡಾಗುತ್ತದೆ, ಅದಕ್ಕೆ ಹೊಳವಾದಾಗಲೇ ರೆಕಾರ್ಡ್ ಮಾಡಿಟ್ಟಿರುತ್ತೇನೆ. ಪಾಠದ ಹೊತ್ತಲ್ಲಿ ಅವರು ಹಾಡೋದು ಜಾಸ್ತಿ, ನಾನು ತಿದ್ದೋದು ಮಾತ್ರ. ಕರೆಂಟು ಹೋದರೆ ಫೋನಿನ ಡೇಟಾ.

ಮೃದಂಗದ ಜೊತೆ ಹಾಡಿಸೋದು, ಇಬ್ಬರನ್ನೂ ಒಟ್ಟಿಗೆ ಹಾಡಿಸೋದು ಝೂಮ್‌ನಲ್ಲಿ ಆಗಲ್ಲ. ಸುಮ್ನೆ ಪ್ರಯತ್ನಿಸಬೇಡಿ. ಅವರ ಬೇಸಿಗೆ ರಜೆ ನಮ್ಮ ಮಳೆಗಾಲದಲ್ಲೇ ಬರುತ್ತದೆ. ಅಜ್ಜಿ ಮನೆಗೆ ಬಂದಾಗ ಎದುರು ಕೂರಿಸಿಕೊಂಡು ಮೂರನೇ ಕಾಲವನ್ನು ನಿಮ್ಮ ಜೊತೆಗೇ ಹಾಡಿಸಿ. ಪೆಟ್ಟಿಗಿಂತ ಮುಂಚೆ ಎತ್ತಿಕೊಳ್ಳುವ ಚಾಳಿ ಇನ್ನೂ ಉಳಿದಿದ್ದರೆ ಆಗ ತಕ್ಷಣ ಗೊತ್ತಾಗುತ್ತದೆ.